ತೂಕ ಇಳಿದರೆ ಕೊಲೆಸ್ಟ್ರಾಲ್ ಮಾತ್ರೆ ಬಿಡಬಹುದೇ?

2025ರಲ್ಲಿ ಮೌಂಜಾರೋ, ವೆಗೋವಿ ಚುಚ್ಚುಮದ್ದುಗಳು ಭಾರತಕ್ಕೆ ಬಂದ ಮೇಲೆ ಅಂಧೇರಿಯಲ್ಲಿ ಈ ಪ್ರಶ್ನೆ ನನಗೆ ಆಗಾಗ ಎದುರಾಗುತ್ತದೆ.

ಸ್ಟ್ಯಾಟಿನ್ ಮಾತ್ರೆಯ ಜೊತೆಗೆ ಆರು ತಿಂಗಳು ಚುಚ್ಚುಮದ್ದು ಪಡೆದ ನಿಮ್ಮ ವರದಿ ಹೀಗಿದೆ ಎಂದುಕೊಳ್ಳಿ: ಟ್ರೈಗ್ಲಿಸರೈಡ್ 260ರಿಂದ 180ಕ್ಕೆ, ಎಲ್‌ಡಿಎಲ್ 92ರಿಂದ 86ಕ್ಕೆ. ತೂಕ ಇಳಿದಾಗ ಯಕೃತ್ತಿನ ಕೊಬ್ಬು ಕರಗುತ್ತದೆ, ಹಾಗಾಗಿ ಟ್ರೈಗ್ಲಿಸರೈಡ್ ಚೆನ್ನಾಗಿ ಇಳಿಯುತ್ತದೆ. ರಕ್ತನಾಳ ಕಟ್ಟಿಸುವ ಎಲ್‌ಡಿಎಲ್ ಅಷ್ಟು ಸುಲಭವಾಗಿ ಕದಲುವುದಿಲ್ಲ. ಆ 86 ಕೂಡ ಬಹುಪಾಲು ಮಾತ್ರೆಯ ಕೆಲಸ. ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ, ಮೈಗೇನೂ ಗೊತ್ತಾಗುವುದಿಲ್ಲ.

ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಯಾವ ಬಗೆಯದೆಂದು ಕೇಳಿಟ್ಟುಕೊಳ್ಳಿ. ಜಠರವನ್ನಷ್ಟೇ ಕಿರಿದಾಗಿಸುವ ಸ್ಲೀವ್‌ಗಿಂತ, ಕರುಳಿನ ದಾರಿಯನ್ನೂ ಬದಲಿಸುವ ಬೈಪಾಸ್ ಎಲ್‌ಡಿಎಲ್ ಅನ್ನು ಹೆಚ್ಚು ಇಳಿಸುತ್ತದೆ. ಆದರೂ ಈಗಾಗಲೇ ಹೃದಯಾಘಾತ ಆಗಿರುವವರು ವೈದ್ಯರು ಹೇಳದೆ ಸ್ಟ್ಯಾಟಿನ್ ನಿಲ್ಲಿಸಬಾರದು.