ಒಂದು ಕಡ್ಡಿ ಸಿಗ್ನಲ್ಲಿನ ಕಾಟ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ 57 ಸುರಂಗಗಳಿವೆ. ಕಳೆದ ತಿಂಗಳು ಹಗಲು ರೈಲಿನಲ್ಲಿ ಆ ದಾರಿಯಾಗಿ ಹೋಗುವಾಗ ಕೇಳೋಣವೆಂದು ಹಿಂದಿನ ರಾತ್ರಿಯೇ ನಲವತ್ತು ಹಾಡು ಇಳಿಸಿಕೊಂಡಿದ್ದೆ. ದೋಣಿಗಲ್ ದಾಟಿದ ಮೇಲೆ ಆ್ಯಪ್ ತೆರೆದರೆ ಪರದೆಯ ನಡುವೆ ಚಕ್ರ ತಿರುಗುತ್ತಲೇ ಇತ್ತು. ಹಾಡುಗಳು ಫೋನಿನಲ್ಲೇ ಇವೆ, ಆದರೆ ಅವುಗಳ ಪಟ್ಟಿಯೇ ತೆರೆಯುತ್ತಿಲ್ಲ. ಎದುರು ಸೀಟಿನ ಹುಡುಗ ಇಣುಕಿ ನೋಡಿ, ‘ಸರ್, ಏರ್‌ಪ್ಲೇನ್ ಮೋಡ್ ಹಾಕಿ’ ಎಂದ. ಹಾಕಿದೆ. ಎರಡೇ ಕ್ಷಣದಲ್ಲಿ ಹಾಡು ಶುರುವಾಯಿತು. ಜೊತೆಗೆ, ಸ್ಟೇಷನ್ನಿಗೆ ಕರೆದೊಯ್ಯಲು ಬರಬೇಕಿದ್ದ ಭಾವನ ಫೋನೂ ತಪ್ಪಿತು.

ನೆಟ್‌ವರ್ಕ್ ಪೂರ್ತಿ ಹೋಗಿದ್ದರೆ ಈ ಪೇಚೇ ಇರುತ್ತಿರಲಿಲ್ಲ. ಎರಡು ಸುರಂಗಗಳ ನಡುವಿನ ಬಯಲಿನಲ್ಲಿ ಒಂದು ಕಡ್ಡಿ ಸಿಗ್ನಲ್ ಸಿಗುತ್ತದೆ. ಫೋನು ‘ನೆಟ್ ಇದೆ’ ಎಂದು ಆ್ಯಪ್‌ಗೆ ಹೇಳುತ್ತದೆ. ಆ್ಯಪ್ ಅದನ್ನು ನಂಬಿ ಮುಖಪುಟ, ಚಿತ್ರಗಳು, ಹೊಸ ಹಾಡುಗಳ ಪಟ್ಟಿ ಎಲ್ಲವನ್ನೂ ಸರ್ವರ್‌ನಿಂದ ಕೇಳುತ್ತದೆ. ಅಷ್ಟರಲ್ಲಿ ರೈಲು ಮುಂದಿನ ಸುರಂಗ ಹೊಕ್ಕಿರುತ್ತದೆ. ಉತ್ತರವೂ ಬರುವುದಿಲ್ಲ, ‘ಸಿಗುವುದಿಲ್ಲ’ ಎಂಬ ನಿರಾಕರಣೆಯೂ ಬರುವುದಿಲ್ಲ. ‘ಇಗೋ, ದಾರಿಯಲ್ಲೇ ಇದ್ದೀನಿ’ ಎಂದ ನೆಂಟನಿಗಾಗಿ ಎಲೆ ಹಾಕಿಕೊಂಡು ಕಾದ ಹಾಗೆ, ಕಾಯುವ ಗಡುವು ಮುಗಿಯುವವರೆಗೆ ಆ್ಯಪ್ ಸುಮ್ಮನೆ ಕೂತಿರುತ್ತದೆ. ಗಡುವು ಮುಗಿಯುವ ಹೊತ್ತಿಗೆ ಮತ್ತೆ ಬಯಲು, ಮತ್ತೆ ಒಂದು ಕಡ್ಡಿ, ಮತ್ತೆ ಮೊದಲಿನಿಂದ. ಲಾಡ್ಜಿನ ವೈಫೈ ಸಿಕ್ಕಂತೆ ಕಂಡು, ಲಾಗಿನ್ ಪುಟ ದಾಟದೆ ನಿಂತಾಗಲೂ ಆಗುವುದು ಇದೇ.

ಈ ಕಾಟಕ್ಕೆ ಎರಡು ಮದ್ದುಗಳಿವೆ, ಎರಡೂ ಬೇರೆ ಬೇರೆ ಕಡೆ ಕೆಲಸ ಮಾಡುತ್ತವೆ. ಏರ್‌ಪ್ಲೇನ್ ಮೋಡ್ ಫೋನಿನ ರೇಡಿಯೊಗಳನ್ನು ಆರಿಸುತ್ತದೆ. ಆ್ಯಪ್ ಕೇಳಿದ ಕೂಡಲೇ ವ್ಯವಸ್ಥೆ ‘ದಾರಿಯೇ ಇಲ್ಲ’ ಎನ್ನುತ್ತದೆ. ಕಾಯುವ ಮಾತಿಲ್ಲ, ಆ್ಯಪ್ ತನ್ನ ಬಳಿ ಇರುವುದನ್ನು ತೆಗೆಯುತ್ತದೆ. ಆ್ಯಪ್ ಒಳಗಿನ ಆಫ್‌ಲೈನ್ ಮೋಡ್ ರೇಡಿಯೊವನ್ನು ಮುಟ್ಟುವುದೇ ಇಲ್ಲ. ಹಾಡಿಗಾಗಿ ಹೊರಗೆ ಹೋಗಬೇಡ, ಇಳಿಸಿಕೊಂಡದ್ದನ್ನಷ್ಟೇ ತೋರಿಸು ಎಂದು ಆ ಒಂದು ಆ್ಯಪ್‌ಗೆ ಕೊಟ್ಟ ಅಪ್ಪಣೆ ಅದು. ಕರೆ ಬರುತ್ತದೆ, ವಾಟ್ಸ್ಆ್ಯಪ್ ನಡೆಯುತ್ತದೆ, ಮ್ಯಾಪ್ ತಿರುಗುತ್ತದೆ. ಆ ಘಾಟಿಯಲ್ಲಿ ನನಗೆ ಬೇಕಿದ್ದದ್ದು ಇದು. ಸೆಟ್ಟಿಂಗ್ಸ್‌ನ ಒಳಗೆಲ್ಲೋ ಅಡಗಿದ್ದರಿಂದ ಹೊಳೆಯಲಿಲ್ಲ. ಪರದೆಯನ್ನು ಮೇಲಿಂದ ಎಳೆದರೆ ಸಿಗುವ ವಿಮಾನದ ಚಿತ್ರ ಬೆರಳಿಗೆ ಹತ್ತಿರ. ಆ್ಯಪ್ ಮಾಡುವವರು ಆಫ್‌ಲೈನ್ ಗುಂಡಿಯನ್ನೂ ಮುಂಬಾಗಿಲಿಗೆ ತಂದರೆ ಏನು ಕಳೆದುಕೊಳ್ಳುತ್ತಾರೋ ಗೊತ್ತಿಲ್ಲ.

ಏರ್‌ಪ್ಲೇನ್ ಮೋಡ್ ಎಂದರೆ ಆಫ್‌ಲೈನ್ ಎಂದೇ ತಿಳಿಯುವುದೂ ತಪ್ಪು. ಅದನ್ನು ಹಾಕಿಕೊಂಡೇ ವೈಫೈ ಮತ್ತೆ ಆನ್ ಮಾಡಬಹುದು. ಆಗ ವಿಮಾನದ ಚಿತ್ರ ಮೇಲಿರುವಾಗಲೇ ಆ್ಯಪ್ ಮಾಮೂಲಿನಂತೆ ನೆಟ್‌ನಿಂದ ಹಾಡು ಎಳೆಯುತ್ತದೆ. ಆಫ್‌ಲೈನ್ ಮೋಡ್‌ಗೆ ಮಾತ್ರ ಹೊರಗೆ ವೈಫೈ ಇದ್ದರೂ ಒಂದೇ, ಬಿಟ್ಟರೂ ಒಂದೇ. ಬ್ಲೂಟೂತ್ ಹೆಡ್‌ಸೆಟ್ಟಿನ ಕಥೆ ಫೋನಿನಿಂದ ಫೋನಿಗೆ ಬೇರೆ. ಹಳೆಯ ಆಂಡ್ರಾಯ್ಡ್‌ಗಳಲ್ಲಿ ಏರ್‌ಪ್ಲೇನ್ ಹಾಕಿದೊಡನೆ ಕಿವಿ ಖಾಲಿಯಾಗುತ್ತಿತ್ತು. ಆಂಡ್ರಾಯ್ಡ್ 11ರಿಂದ, ಹೆಡ್‌ಸೆಟ್ ಜೋಡಿಸಿದ್ದರೆ ಅದು ಉಳಿದುಕೊಳ್ಳುತ್ತದೆ.

ಇನ್ನು ಆಫ್‌ಲೈನ್ ಮೋಡ್ ಹಾಕಿ ಮರೆತವರ ಪಾಡು. ಇಳಿಸಿದ ಹಾಡು ನಮ್ಮ ಸ್ವತ್ತಲ್ಲ, ಬೀಗ ಹಾಕಿದ ಕಡತ. ಬೀಗದ ಕೀಲಿಗೆ ವಾಯಿದೆ ಇರುತ್ತದೆ. ಸ್ಪಾಟಿಫೈನಲ್ಲಿ 30 ದಿನಕ್ಕೆ ಒಮ್ಮೆಯಾದರೂ ಆನ್‌ಲೈನ್ ಬರಬೇಕು. ಕಲಾವಿದರಿಗೆ ಹಣ ಸಲ್ಲಿಸಲು ಯಾವ ಹಾಡು ಎಷ್ಟು ಸಲ ಕೇಳಲಾಯಿತೆಂಬ ಲೆಕ್ಕ ಬೇಕು ಎಂಬುದು ಅವರು ಕೊಡುವ ಕಾರಣ. ಏರ್‌ಪ್ಲೇನ್ ಮೋಡ್ ಹಾಕಿದವರು ಅದನ್ನು ಮರೆಯುವುದಿಲ್ಲ, ಒಂದು ತಾಸು ಫೋನು ಸುಮ್ಮನಿದ್ದರೆ ಮನೆಯವರೇ ನೆನಪಿಸುತ್ತಾರೆ. ಡೇಟಾ ಉಳಿಸಲೆಂದು ಆಫ್‌ಲೈನ್ ಮೋಡ್ ಹಾಕಿಟ್ಟವರಿಗೆ ನೆನಪಿಸುವವರಿಲ್ಲ. ಫೋನು ದಿನವಿಡೀ ನೆಟ್‌ನಲ್ಲಿರುತ್ತದೆ, ಆ್ಯಪ್ ಇರುವುದಿಲ್ಲ. ಲೆಕ್ಕಕ್ಕೆ ಬರುವುದು ಆ್ಯಪ್ ಸರ್ವರನ್ನು ಕಂಡ ದಿನ. ಹಾಗೆ ತಿಂಗಳು ದಾಟಿಸಿ, ರೈಲು ಹತ್ತಿದ ಮೇಲೆ ಹಾಡು ಏಳದಿದ್ದರೆ ಘಾಟಿಯಲ್ಲಿ ಮಾಡುವುದೇನೂ ಇಲ್ಲ. ಹೊರಡುವ ಹಿಂದಿನ ದಿನ ಮನೆಯ ವೈಫೈನಲ್ಲಿ ಆಫ್‌ಲೈನ್ ಮೋಡ್ ಆಫ್ ಮಾಡಿ, ಆ್ಯಪ್ ತೆರೆದು ಐದು ನಿಮಿಷ ಬಿಡಿ. ಆಮೇಲೆ ಮತ್ತೆ ಹಾಕಿಕೊಂಡು ಒಂದು ಹಾಡು ನುಡಿಸಿ ನೋಡಿ, ರೈಲು ಹತ್ತಿ.