‘ತುಂಬಾ ಮಳೆ’ ಅಂದ್ರೆ ಎಷ್ಟು ಮಳೆ?

ಮುಂಗಾರು ಶುರುವಾದರೆ ಸಾಕು, ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಎರಡು ಪದಗಳಿಗೆ ಬಿಡುವೇ ಇರುವುದಿಲ್ಲ. ಒಂದು ‘ತುಂಬಾ’, ಇನ್ನೊಂದು ‘ಭಾರಿ’. ತುಂಬಾ ಮಳೆ, ಭಾರಿ ನಷ್ಟ, ತುಂಬಾ ತೊಂದರೆ, ಭಾರಿ ಆಕ್ರೋಶ. ಪತ್ರಿಕೆಗೆ ಸುದ್ದಿ ಕಳಿಸುವ ನಾವೂ ಇದರಲ್ಲಿ ಹಿಂದೆ ಬಿದ್ದಿಲ್ಲ. ನನ್ನ ವಾದ ಇಷ್ಟೇ: ಈ ಪದಗಳ ದನಿ ಜೋರು, ಆದರೆ ಇವು ಅಳತೆ ಹೇಳುವುದಿಲ್ಲ. ಅಳತೆ ಹೇಳಬೇಕಾದ ಕಡೆ ಬರೀ ದನಿ ಏರಿಸಿದರೆ ಕಳೆದುಕೊಳ್ಳುವವರು ನಾವೇ.

ಮಳೆಯನ್ನೇ ತೆಗೆದುಕೊಳ್ಳಿ. ನಾವು ಬಾಯಿಮಾತಿಗೆ ಹೇಳುವ ‘ಭಾರಿ’ಗೆ ಹವಾಮಾನ ಇಲಾಖೆಯಲ್ಲಿ ಗಡಿ ಉಂಟು. 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ 115.5 ಮಿಲಿಮೀಟರಿನವರೆಗೆ ಬಿದ್ದರೆ ಅದು ‘ಭಾರಿ’. 115.6ರಿಂದ 204.4ರವರೆಗೆ ‘ಅತಿ ಭಾರಿ’. ಅದರ ಮೇಲಿನದು ‘ಅತ್ಯಂತ ಭಾರಿ’. ಅಂದರೆ ಅವರ ‘ಅತಿ’ ಒತ್ತು ಕೊಡುವ ಪದವಲ್ಲ, ಒಂದು ಅಂಕಿಯ ಹೆಸರು. ನಮ್ಮ ‘ಅತಿ’ ಹಾಗಲ್ಲ. ಚಪ್ಪಲಿ ಒದ್ದೆಯಾದರೂ ಅತಿ ಭಾರಿ, ಮನೆ ಗೋಡೆ ಬಿದ್ದರೂ ಅತಿ ಭಾರಿ.

ಇದರಿಂದ ಗೊಂದಲ ಹೇಗೆ ಆಗುತ್ತದೆ ನೋಡಿ. ಸಂಜೆ ಅರ್ಧ ಗಂಟೆಯಲ್ಲಿ 40 ಮಿಲಿಮೀಟರ್ ಸುರಿಯಿತು ಅನ್ನಿ. ಇಳಿಜಾರು ಹೊಲದಲ್ಲಿ ನಿನ್ನೆ ಬಿತ್ತಿದ ಬೀಜ ಮಣ್ಣಿನ ಸಮೇತ ಕೊಚ್ಚಿ ಹೋಗಲು ಅಷ್ಟು ಸಾಕು. ಆದರೆ ದಿನದ ಲೆಕ್ಕದಲ್ಲಿ ಅದು ‘ಸಾಧಾರಣ’ ಮಳೆ. ನಾವು ‘ತುಂಬಾ ಭಾರಿ ಮಳೆ’ ಎಂದು ಬರೆದರೆ, ದಾಖಲೆ ನೋಡಿದವರು ಇವರು ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ. ‘ಅರ್ಧ ಗಂಟೆಯಲ್ಲಿ 40 ಮಿಲಿಮೀಟರ್’ ಎಂದು ಬರೆದರೆ ಯಾರೂ ಬಾಯಿ ತೆರೆಯುವಂತಿಲ್ಲ. ಎಷ್ಟು ಬಿತ್ತು ಅನ್ನುವಷ್ಟೇ ಮುಖ್ಯ, ಎಷ್ಟು ಹೊತ್ತಿನಲ್ಲಿ ಬಿತ್ತು ಅನ್ನುವುದು.

ಸ್ಟ್ರಿಂಗರ್‌ಗಳಿಗೆ ಬರುವ ಮೆಸೇಜು ಸಾಮಾನ್ಯವಾಗಿ ಹೀಗಿರುತ್ತದೆ: ‘ಸಾರ್, ನಿನ್ನೆ ನಮ್ಮೂರಲ್ಲಿ ತುಂಬಾ ಭಾರಿ ಮಳೆ ಆಗಿ ಮೆಕ್ಕೆಜೋಳ ತುಂಬಾ ಹಾಳಾಗಿದೆ, ದಾರಿಯಲ್ಲಿ ನೀರು ಸಿಕ್ಕಾಪಟ್ಟೆ ಇದೆ, ದಯವಿಟ್ಟು ಸುದ್ದಿ ಮಾಡಿ.’ ಇದರಲ್ಲಿ ‘ತುಂಬಾ’ ಎರಡು ಸಲ ಬಂತು, ‘ಭಾರಿ’ ಒಂದು ಸಲ, ‘ಸಿಕ್ಕಾಪಟ್ಟೆ’ ಒಂದು ಸಲ. ಸುದ್ದಿ ಮಾತ್ರ ಇನ್ನೂ ಬಂದಿಲ್ಲ. ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಬೇಕು: ಎಷ್ಟು ಹೊತ್ತು ಸುರಿಯಿತು? ಎಷ್ಟು ಎಕರೆಯಲ್ಲಿ ಎಷ್ಟು ಹೋಯಿತು? ಬೆಳೆ ಯಾವ ಹಂತದಲ್ಲಿತ್ತು? ನೀರು ಎಲ್ಲಿಯವರೆಗೆ ಬಂತು?

ಉತ್ತರ ಸೇರಿಸಿದರೆ ಅದೇ ಮೆಸೇಜು ಹೀಗಾಗುತ್ತದೆ: ‘ಬುಧವಾರ ಸಂಜೆ 5ರಿಂದ 7ರವರೆಗೆ ಸುರಿದ ಮಳೆಗೆ ಹಳ್ಳದ ದಂಡೆಯ 6 ಎಕರೆ ಮೆಕ್ಕೆಜೋಳದಲ್ಲಿ 4 ಎಕರೆ ನೆಲಕಚ್ಚಿದೆ. ತೆನೆಯಲ್ಲಿ ಇನ್ನೂ ಹಾಲುಗಾಳು. ಸೇತುವೆ ಮೇಲೆ ಸೊಂಟಮಟ್ಟ ನೀರು ಹರಿದು ಎರಡು ತಾಸು ದಾರಿ ಬಂದ್ ಆಗಿತ್ತು. ಪಂಚಾಯಿತಿ ಮಳೆಮಾಪಕದಲ್ಲಿ 82 ಮಿಲಿಮೀಟರ್ ದಾಖಲಾಗಿದೆ.’ ಇಲ್ಲಿ ಒಂದೇ ಒಂದು ‘ತುಂಬಾ’ ಇಲ್ಲ, ಆದರೂ ಓದಿದವರಿಗೆ ಎದೆ ಝಲ್ಲೆನ್ನುತ್ತದೆ. ಇನ್ನೊಂದು ಸಂಗತಿಯೂ ಗೊತ್ತಾಯಿತು. 82 ಎಂದರೆ ‘ಭಾರಿ’ ಸರಿ, ‘ಅತಿ ಭಾರಿ’ ಅಲ್ಲ.

ಬೆಳೆ ವಿಷಯದಲ್ಲಿ ಇದು ಬರೀ ಭಾಷೆಯ ಮಾತಾಗಿ ಉಳಿಯುವುದಿಲ್ಲ. ಪ್ರಕೃತಿ ವಿಕೋಪ ಪರಿಹಾರದ ನಿಯಮದಲ್ಲಿ ಬೆಳೆ ನಷ್ಟ ಶೇ 33 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಇನ್‌ಪುಟ್ ಸಬ್ಸಿಡಿ. ‘ತುಂಬಾ ಹಾಳು’ ಅನ್ನುವುದು ಶೇ 20ಕ್ಕೂ ಆಗುತ್ತದೆ, 80ಕ್ಕೂ ಆಗುತ್ತದೆ. ಪರಿಹಾರ ನಿರ್ಧಾರವಾಗುವುದು ಪತ್ರಿಕೆ ಸುದ್ದಿಯಿಂದಲ್ಲ, ಅಧಿಕಾರಿಗಳ ಸಮೀಕ್ಷೆಯಿಂದ. ಆದರೆ ಸಮೀಕ್ಷೆಗೆ ಬಂದವರ ಮುಂದೆ ‘ತುಂಬಾ ಹೋಗಿದೆ ಸಾರ್’ ಅನ್ನುವವರಿಗೂ, ‘ಆರರಲ್ಲಿ ನಾಲ್ಕು ಎಕರೆ, ತಾರೀಖು ಇಂಥದ್ದು, ಫೋಟೊ ಇಲ್ಲಿದೆ’ ಅನ್ನುವವರಿಗೂ ವ್ಯತ್ಯಾಸವಿದೆ. ಮನವಿ ಬರೆಯುವಾಗಲೂ ಅಷ್ಟೇ.

ಎಲ್ಲದಕ್ಕೂ ಅಂಕಿಯೇ ಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಹಿರಿಯರು ಮಾಪಕ ಇಲ್ಲದೆಯೇ ಅಳತೆ ಹೇಳುತ್ತಿದ್ದರು. ತುಂತುರು, ಜಿಟಿಜಿಟಿ, ಸೋನೆ, ಜಡಿಮಳೆ, ಬಿರುಮಳೆ, ಪ್ರತಿ ಹೆಸರೂ ಮಳೆಯ ರೀತಿಯನ್ನೇ ಹೇಳುತ್ತದೆ. ‘ಹದ ಮಳೆ’ ಅಂದರೆ ಬಿತ್ತನೆಗೆ ಸಾಕಾಗುವಷ್ಟು ಎಂದು ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ನೀರಿನ ಆಳಕ್ಕೆ ಕಣಕಾಲು, ಮೊಣಕಾಲು, ಸೊಂಟ, ಎದೆ ಇದ್ದವು. ಕೆರೆಗೆ ತುಂಬಾ ನೀರು ಬಂದಿದೆ ಅನ್ನುವುದಕ್ಕಿಂತ ‘ಕೋಡಿ ಬಿತ್ತು’ ಅನ್ನುವುದು ಎಷ್ಟೋ ಖಚಿತ. ಕೆರೆ ಪೂರ್ತಿ ತುಂಬಿ ಹೆಚ್ಚಿನ ನೀರು ಹೊರಗೆ ಹರಿಯುತ್ತಿದೆ ಎಂಬುದು ಅದೊಂದರಲ್ಲೇ ಬಂತು.

ಕನ್ನಡದಲ್ಲಿ ‘ತುಂಬಾ’ವನ್ನು ಒಳಗೇ ಇಟ್ಟುಕೊಂಡ ಪದಗಳೂ ಇವೆ. ತುಂಬಾ ಕತ್ತಲೆಗೆ ಕಗ್ಗತ್ತಲೆ, ತುಂಬಾ ಬಿಸಿಲಿಗೆ ಉರಿಬಿಸಿಲು, ತುಂಬಾ ಬಡವನಿಗೆ ಕಡುಬಡವ, ಎಲ್ಲರಿಗಿಂತ ಮೊದಲಿನದಕ್ಕೆ ಮೊಟ್ಟಮೊದಲು. ಇವುಗಳ ಹಿಂದೆ ಮತ್ತೆ ‘ತುಂಬಾ’ ಹಚ್ಚಿದರೆ ಒಗ್ಗರಣೆಗೆ ಮತ್ತೊಂದು ಒಗ್ಗರಣೆ ಹಾಕಿದಂತೆ.

ನಾನು ಸುದ್ದಿ ಕಳಿಸುವ ಮುಂಚೆ ಮಾಡುವ ಪರೀಕ್ಷೆ ಸರಳ. ‘ತುಂಬಾ’ ಮುಚ್ಚಿ ವಾಕ್ಯ ಓದುತ್ತೇನೆ. ಅರ್ಥ ಬದಲಾಗದಿದ್ದರೆ ಆ ಪದ ದಂಡ, ಅಳಿಸುತ್ತೇನೆ. ವಾಕ್ಯ ಸಪ್ಪೆಯಾದರೆ ತಪ್ಪು ಅದರ ಮುಂದಿನ ಪದದ್ದು. ‘ತುಂಬಾ ಹಾಳಾಗಿದೆ’ ಇದ್ದಲ್ಲಿ ನೆಲಕಚ್ಚಿದೆ, ಕೊಳೆತಿದೆ, ಕೊಚ್ಚಿಹೋಗಿದೆ, ಇವುಗಳಲ್ಲಿ ಯಾವುದು ನಿಜ ಎಂದು ಕೇಳಿ ಅದನ್ನೇ ಹಾಕುತ್ತೇನೆ. ‘ನಿಜವಾಗಿಯೂ’ ಕಂಡರೆ ಇನ್ನೂ ಎಚ್ಚರ. ‘ನಿಜವಾಗಿಯೂ ಕಷ್ಟದಲ್ಲಿದ್ದಾರೆ’ ಅಂದರೆ ಉಳಿದವರ ಕಷ್ಟ ಸುಳ್ಳೇ?

ಇಲ್ಲಿ ಎರಡು ಗುಂಡಿಗಳಿವೆ. ಒಂದು, ‘ತುಂಬಾ’ ತೆಗೆದು ಆ ಜಾಗಕ್ಕೆ ‘ಕಂಡು ಕೇಳರಿಯದ’, ‘ಭೀಕರ’ ಹಾಕುವುದು. ಅದು ಖಚಿತತೆಯಲ್ಲ, ಇನ್ನೂ ದೊಡ್ಡ ಗದ್ದಲ. ಎಂಬತ್ತು ವಯಸ್ಸಿನ ಅಜ್ಜನನ್ನು ಕೇಳಿದರೆ ಇದಕ್ಕಿಂತ ಮೇಲೆ ನೀರು ಬಂದಿದ್ದ ಗುರುತನ್ನು ತೋರಿಸಿಬಿಡಬಹುದು. ಇನ್ನೊಂದು, ಗೊತ್ತಿಲ್ಲದ ಅಂಕಿಯನ್ನು ಗೊತ್ತಿರುವಂತೆ ಬರೆಯುವುದು. ಅಳೆಯದೇ ಇದ್ದರೆ ‘ಕಣ್ಣಂದಾಜಿಗೆ ಅರ್ಧ ಹೊಲ’ ಎಂದೇ ಹೇಳಬೇಕು. ಸುಳ್ಳು ಅಂಕಿಗಿಂತ ಪ್ರಾಮಾಣಿಕ ‘ತುಂಬಾ’ ಎಷ್ಟೋ ಮೇಲು.

ಮಾತಿನಲ್ಲಿ ‘ತುಂಬಾ’ ಇರಲಿ ಬಿಡಿ. ‘ತುಂಬಾ ಉಪಕಾರ ಆಯ್ತಣ್ಣಾ’ ಅನ್ನುವಾಗ ಯಾರೂ ಲೀಟರ್ ಲೆಕ್ಕ ಕೇಳುವುದಿಲ್ಲ. ಮಗನನ್ನು ಕಳೆದುಕೊಂಡ ತಾಯಿ ‘ತುಂಬಾ ಒಳ್ಳೆಯವನಿದ್ದ’ ಅಂದರೆ ಅದನ್ನು ಹಾಗೆಯೇ ಬರೆಯಬೇಕು, ತಿದ್ದಬಾರದು.

ಮಳೆಗೆ ಮಾತ್ರ ಅಳತೆ ಇಡೋಣ. ತಳದಿಂದ ಬಾಯಿಯವರೆಗೆ ಒಂದೇ ಅಗಲ ಇರುವ ಡಬ್ಬಿಯೊಂದನ್ನು ಮರ, ಸೂರಿನ ಹನಿ ತಾಗದ ಬಯಲಲ್ಲಿ ಅಲುಗಾಡದಂತೆ ಇಡಿ. ಬಕೆಟ್ ಬೇಡ, ಅದರ ಬಾಯಿ ಅಗಲ, ತಳ ಕಿರಿದು, ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ 8.30ಕ್ಕೆ ಶಾಲೆಯ ಸ್ಕೇಲ್ ಇಳಿಬಿಟ್ಟು ನೋಡಿ. ಸ್ಕೇಲಿನ ತುದಿಯಲ್ಲಿ ಸೊನ್ನೆಗೆ ಮುಂಚೆ ಸ್ವಲ್ಪ ಖಾಲಿ ಜಾಗ ಇದ್ದರೆ ಅದನ್ನೂ ಸೇರಿಸಿ. ನೀರು 5 ಸೆಂಟಿಮೀಟರ್ ಇದ್ದರೆ 50 ಮಿಲಿಮೀಟರ್ ಮಳೆ. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್, ಹಾಗಾಗಿ ನಿಮ್ಮ ಒಂದು ಎಕರೆಗೆ ಆ ರಾತ್ರಿ ಬಿದ್ದದ್ದು ಸುಮಾರು ಎರಡು ಲಕ್ಷ ಲೀಟರ್. ಗುಂಪಿಗೆ ಅದನ್ನು ಹಾಕಿ. ‘ತುಂಬಾ’ ಅನ್ನುವುದನ್ನು ಓದಿದವರೇ ಹೇಳಿಕೊಳ್ಳುತ್ತಾರೆ.