ಕ್ಯೂ ಆಮೇಲೆ, ಮೊದಲು ರಾತ್ರಿಯವನ ಪುಸ್ತಕ

ಬೆಳಗ್ಗೆ ಆರೂವರೆಗೆ ಕುರುಬರಹಳ್ಳಿ ಸರ್ಕಲ್‌ನಲ್ಲಿ ನಿಂತು ನೋಡಿ. ಪೀಣ್ಯ, ಕಾಮಾಕ್ಷಿಪಾಳ್ಯದ ಕಡೆ ಟಿಫನ್ ಕ್ಯಾರಿಯರ್ ಹಿಡ್ಕೊಂಡು ಹೋಗೋರು ಒಂದು ಕಡೆ, ಅಲ್ಲಿಂದ ಕಣ್ಣು ಕೆಂಪಗೆ ಮಾಡ್ಕೊಂಡು ವಾಪಸ್ ಬರೋರು ಇನ್ನೊಂದು ಕಡೆ. ಒಂದೇ ಸಿಎನ್‌ಸಿ ಲೇತ್ ಮೇಲೆ ಕೆಲಸ ಮಾಡೋ ಇಬ್ಬರು ಈ ರಸ್ತೆಯಲ್ಲಿ ಎದುರುಬದುರು ಹಾದುಹೋಗ್ತಾರೆ. ಒಬ್ಬರಿಗೊಬ್ಬರು ತಲೆ ಅಲ್ಲಾಡಿಸ್ತಾರೆ, ಅಷ್ಟೇ. ಆ ಮೆಷಿನ್ ಈಗ ಯಾವ ಸ್ಥಿತಿಯಲ್ಲಿದೆ ಅನ್ನೋ ಮಾತು ಇಬ್ಬರ ಮಧ್ಯೆ ಬರೋದೇ ಇಲ್ಲ. ಅದು ಪುಸ್ತಕದಲ್ಲಿದ್ರೆ ಉಂಟು, ಇಲ್ಲದಿದ್ರೆ ಇಲ್ಲ.

ಈ ಕಂತಿನಲ್ಲಿ ನನ್ನ ಮಾತು ಇಷ್ಟೇ: ಬೋರ್ಡಿನಲ್ಲಿ ಮೇಲಿರೋ ಮೊದಲ ಜಾಬ್ ಕಾರ್ಡ್ ಮುಟ್ಟೋಕೆ ಮುಂಚೆ ಹಿಂದಿನ ಶಿಫ್ಟಿನವನು ಬರೆದದ್ದನ್ನ ಓದಬೇಕು. ಮೆಷಿನ್ ಹತ್ರಾನೇ ನಿಂತು, ಸ್ಕ್ರೀನ್ ನೋಡ್ಕೊಂಡು ಓದಬೇಕು. ಸೂಪರ್‌ವೈಸರ್ "ಮೇಲಿನ ಕಾರ್ಡ್ ಅರ್ಜೆಂಟ್" ಅಂತ ಕೂಗ್ತಿದ್ರೂ ಸರಿ. ಆ ಕಾರ್ಡನ್ನ ಜೋಡಿಸಿದ್ದು ನಿನ್ನೆ ಸಂಜೆ. ರಾತ್ರಿ ಮೂರು ಗಂಟೆಗೆ ಏನಾಯ್ತು ಅನ್ನೋದು ಅದಕ್ಕೆ ಗೊತ್ತಿಲ್ಲ.

ಒಂದು ಉದಾಹರಣೆ ತಗೊಳ್ಳೋಣ. ಒಂದು ಶಾಫ್ಟ್, ಬೇರಿಂಗ್ ಕೂರೋ ಜಾಗ 25 ಮಿ.ಮೀ., ಟಾಲರೆನ್ಸ್ h6. ಅಂದ್ರೆ ಸೈಜು 25.000ದಿಂದ 24.987ರ ಒಳಗೆ ಬರಬೇಕು. 13 ಮೈಕ್ರಾನ್ ಜಾಗ, ತಲೆಗೂದಲಿಗಿಂತ ಎಷ್ಟೋ ಸಣ್ಣದು. ಫಿನಿಶಿಂಗ್ ಟೂಲ್ ಮೂರನೇ ನಂಬರಿನದು. ಇನ್ಸರ್ಟ್ ಸವೀತಾ ಸವೀತಾ ಶಾಫ್ಟ್ ದಪ್ಪ ಆಗ್ತಾ ಹೋಗುತ್ತೆ, ಅದಕ್ಕೆ ರಾತ್ರಿಯವನು ಗಂಟೆಗೊಂದ್ಸಲ ಮೈಕ್ರೋಮೀಟರ್ ಹಿಡಿದು ವೇರ್ ಆಫ್‌ಸೆಟ್‌ನಲ್ಲಿ ಎರಡು ಮೂರು ಮೈಕ್ರಾನ್ ಕಳೀತಾ ಬಂದಿದ್ದಾನೆ. ಬೆಳಗಿನ ಜಾವದ ಹೊತ್ತಿಗೆ `W 03` ಸಾಲಿನಲ್ಲಿ `X` ಕೆಳಗೆ `-0.030` ಇದೆ. ಸೈಜು ಸರಿಯಾಗಿ ಬರ್ತಿದೆ.

ಶಿಫ್ಟ್ ಮುಗಿಯೋಕೆ ಹತ್ತು ನಿಮಿಷ ಇದ್ದಾಗ ಮೇಲ್ಮೈಯಲ್ಲಿ ಗೆರೆ ಬೀಳೋಕೆ ಶುರುವಾಯ್ತು. ಅವನು ಇನ್ಸರ್ಟ್ ಬಿಚ್ಚಿ ಹೊಸ ಅಂಚು ತಿರುಗಿಸಿ ಹಾಕಿದ. ಅಷ್ಟರಲ್ಲಿ ಕಂಪನಿ ಗಾಡಿ ಬಂತು. ಪುಸ್ತಕದಲ್ಲಿ ಒಂದು ಸಾಲು ಗೀಚಿದ: "ಟೂಲ್ 3 ಇನ್ಸರ್ಟ್ ತಿರುಗಿಸಿದೆ, ವೇರ್ ತೆಗೆದಿಲ್ಲ, ಪೀಸ್ ಓಡಿಸಿಲ್ಲ."

ಈಗ ಬೆಳಗಿನವನು ಬಂದ. ಸ್ಕ್ರೀನ್ ನೋಡ್ತಾನೆ, `-0.030` ಇದೆ. ರಾತ್ರಿ ಪೂರ್ತಿ ಓಡಿದ ಟೂಲಿಗೆ ಇರಬೇಕಾದಷ್ಟೇ ಇದೆ, ಅನುಮಾನ ಬರೋ ಹಾಗೇನೂ ಇಲ್ಲ. ಮೊನ್ನೆ ಬೆಳಗ್ಗೆನೂ ಹೆಚ್ಚುಕಮ್ಮಿ ಅಷ್ಟೇ ಇತ್ತು. ಸೈಕಲ್ ಸ್ಟಾರ್ಟ್ ಒತ್ತಿದ. ಆದ್ರೆ ಆ 30 ಮೈಕ್ರಾನ್ ಸೇರಿದ್ದು ಹಳೆ ಅಂಚಿನ ಸವೆತಕ್ಕೆ. ಹೊಸ ಅಂಚು ಸವೆದಿಲ್ಲ. ಶಾಫ್ಟ್ 24.956ಕ್ಕೆ ಇಳೀತು, ಕೆಳಗಿನ ಮಿತಿಗಿಂತ 31 ಮೈಕ್ರಾನ್ ಕಮ್ಮಿ. ದಪ್ಪ ಬಂದಿದ್ರೆ ಇನ್ನೊಂದ್ಸಲ ಕಟ್ ಕೊಡಬಹುದಿತ್ತು. ತೆಳ್ಳಗಾದ ಶಾಫ್ಟಿಗೆ ಲೋಹ ವಾಪಸ್ ಅಂಟಿಸೋಕಾಗಲ್ಲ. ಸ್ಕ್ರ್ಯಾಪ್ ಬುಟ್ಟಿಗೆ.

"ಫಸ್ಟ್ ಪೀಸ್ ಚೆಕ್ ಮಾಡ್ತೀವಲ್ಲ, ಅಲ್ಲಿ ಸಿಕ್ಕಿಬೀಳುತ್ತೆ" ಅಂತ ನೀವು ಹೇಳ್ತೀರಿ. ಹೌದು, ಸಿಕ್ಕಿಬೀಳುತ್ತೆ, ಆದ್ರೆ ಒಂದು ಪೀಸ್ ಹೋದ ಮೇಲೆ. ಕಸ್ಟಮರ್ ಎಣಿಸಿ ಕೊಟ್ಟ ಫೋರ್ಜಿಂಗ್ ಆಗಿದ್ರೆ ಆ ಒಂದಕ್ಕೂ ಲೆಕ್ಕ ಕೊಡಬೇಕು. ಅದೂ ಅಲ್ದೆ ಬೆಳಗಿನವನ ತಲೇಲಿ ಇದು ಫಸ್ಟ್ ಪೀಸೇ ಅಲ್ಲ. ರಾತ್ರಿಯಿಂದ ಓಡ್ತಿರೋ ಲಾಟಿನ ಮುಂದುವರಿಕೆ. ಹಾಗಾಗಿ ಐದು ಓಡಿಸಿ ಆಮೇಲೆ ಒಂದು ಅಳೀತಾನೆ. ಇನ್ಸರ್ಟ್ ಬದಲಾದ ಕೂಡಲೇ ಮುಂದಿನದು ಮತ್ತೆ ಫಸ್ಟ್ ಪೀಸ್ ಆಗುತ್ತೆ. ಅದನ್ನ ಅವನಿಗೆ ಹೇಳೋಕೆ ಇರೋದು ಆ ಗೀಚಿದ ಸಾಲು ಒಂದೇ.

ಓದಿದವನು ಏನು ಮಾಡ್ತಾನೆ? `W 03`ರ `X` ಅನ್ನ `0.200` ಮಾಡ್ತಾನೆ, ಅಂದ್ರೆ ಬೇಕಂತಲೇ ದಪ್ಪ ಬಿಡ್ತಾನೆ. ಒಂದು ಕಟ್ ಓಡಿಸಿ, ತಣ್ಣಗಾಗೋಕೆ ಬಿಟ್ಟು ಅಳೀತಾನೆ. 25.186 ಬಂತು ಅಂದ್ಕೊಳ್ಳಿ. ಬೇಕಾಗಿರೋದು ಮಧ್ಯದ ಸೈಜು 24.994, ಇಳೀಬೇಕಾದ್ದು 0.192. `-0.192` ಟೈಪ್ ಮಾಡಿ `+INPUT` ಒತ್ತಿದ್ರೆ ವೇರ್ `0.008`ಕ್ಕೆ ಬಂದು ನಿಲ್ಲುತ್ತೆ. ಅದೇ ಶಾಫ್ಟಿಗೆ ಮತ್ತೆ ಫಿನಿಶಿಂಗ್ ಕಟ್ ಕೊಡ್ತಾನೆ. ಮೊದಲ ಕಟ್ಟಿನ ಆಳಕ್ಕೂ ಎರಡನೇದರ ಆಳಕ್ಕೂ ವ್ಯತ್ಯಾಸ ಇರೋದ್ರಿಂದ ಒಂದೆರಡು ಮೈಕ್ರಾನ್ ಆಚೀಚೆ ಆಗಬಹುದು, ಅದಕ್ಕೇ ಇನ್ನೊಂದ್ಸಲ ಅಳೀತಾನೆ. ಒಂದು ಪೀಸೂ ಹೋಗಲಿಲ್ಲ.

ಹಳೇ ಸೆಟ್ಟರ್‌ಗಳು ಇದಕ್ಕೆ ಒಪ್ಪಲ್ಲ. "ಇನ್ನೊಬ್ಬ ಬರೆದದ್ದನ್ನ ನಾನು ನಂಬಲ್ಲ, ಎಲ್ಲಾ ನಾನೇ ನೋಡ್ಕೋತೀನಿ" ಅಂತಾರೆ. ಅವರ ಕೈಚಳಕದ ಬಗ್ಗೆ ನನಗೆ ಗೌರವ ಇದೆ. ಆದ್ರೆ ಅರ್ಧಕ್ಕೆ ನಿಂತ ಕೆಲಸ ಕಣ್ಣಿಗೆ ಕಾಣಲ್ಲ ಸ್ವಾಮಿ. ಇನ್ಸರ್ಟ್ ನೋಡಿದ್ರೆ ಇನ್ಸರ್ಟ್ ಸರಿ, ಆಫ್‌ಸೆಟ್ ನೋಡಿದ್ರೆ ಆಫ್‌ಸೆಟ್ಟೂ ಸರಿ. ತಪ್ಪಿರೋದು ಎರಡೂ ಒಂದಕ್ಕೊಂದು ಸೇರಿದವಲ್ಲ ಅನ್ನೋದರಲ್ಲಿ. ನಂಬೋದು ಬೇಡ, ಓದಿ. ಎಲ್ಲಿ ಅಳೀಬೇಕು ಅಂತ ಅದು ತೋರಿಸುತ್ತೆ.

ನಮ್ಮಲ್ಲಿ ಒಂದು ಶಾಫ್ಟ್ ಹೋಗುತ್ತೆ. ಇದೇ ಜಾತಿಯ ತಪ್ಪು ದೊಡ್ಡ ಜಾಗದಲ್ಲಾದ್ರೆ ಏನಾಗುತ್ತೆ ಅನ್ನೋದಕ್ಕೆ ಪೈಪರ್ ಆಲ್ಫಾ ಇದೆ. ಸ್ಕಾಟ್ಲೆಂಡಿನ ಹತ್ತಿರ ಸಮುದ್ರದ ಮೇಲಿದ್ದ ತೈಲ ವೇದಿಕೆ. 1988ರ ಜುಲೈ 6ರಂದು ಹಗಲಿನವರು ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿದ್ರು, ಕೆಲಸ ಮುಗೀಲಿಲ್ಲ, ಪೈಪಿನ ಬಾಯಿಗೆ ಮುಚ್ಚಳ ಹಾಕಿ ಬಿಟ್ರು. ರಾತ್ರಿ ಇನ್ನೊಂದು ಪಂಪ್ ನಿಂತಾಗ ರಾತ್ರಿಯವರು ಈ ಪಂಪನ್ನೇ ಚಾಲೂ ಮಾಡಿದ್ರು. ಗ್ಯಾಸ್ ಸೋರಿ ಸ್ಫೋಟ ಆಯ್ತು, 167 ಜನ ಸತ್ರು. ಕಾಗದ ಬರೆದಿರಲಿಲ್ಲ ಅಂತಲ್ಲ. ಪಂಪಿನ ಕೆಲಸಕ್ಕೆ ಒಂದು ಪರ್ಮಿಟ್, ವಾಲ್ವಿಗೆ ಬೇರೆ ಪರ್ಮಿಟ್ ಇತ್ತು. ವಾಲ್ವಿನದು ರಾತ್ರಿಯವರ ಕಣ್ಣಿಗೆ ಬೀಳಲೇ ಇಲ್ಲ.

ಅದಕ್ಕೇ ಪುಸ್ತಕ ಆಫೀಸಿನ ಟೇಬಲ್ ಮೇಲೆ, ವಾಟ್ಸಾಪ್ ಗ್ರೂಪಿನ ಗುಡ್ ಮಾರ್ನಿಂಗ್‌ಗಳ ನಡುವೆ ಇರೋದು ನನಗೆ ಇಷ್ಟ ಆಗಲ್ಲ. ಒಂದು ಮೆಷಿನ್ನಿಗೆ ಒಂದು ಪುಸ್ತಕ, ಕಂಟ್ರೋಲ್ ಪ್ಯಾನೆಲ್ಲಿಗೆ ದಾರ ಕಟ್ಟಿ ನೇತು ಹಾಕಿ. ಎಣ್ಣೆ ಕಲೆ ಆಗುತ್ತೆ, ಆಗ್ಲಿ.

ಇನ್ನೊಂದು ಮಾತು ಮಾಲೀಕರಿಗೆ. ಎರಡೂ ಶಿಫ್ಟಿನವರನ್ನ ಅರ್ಧ ಗಂಟೆ ಒಟ್ಟಿಗೆ ಕೆಲಸಕ್ಕೆ ನಿಲ್ಲಿಸೋದು ಕಾಗದದ ಮೇಲೆ ಸುಲಭ ಅಲ್ಲ. 1948ರ ಕಾರ್ಖಾನೆ ಕಾಯ್ದೆಯ 58ನೇ ಸೆಕ್ಷನ್ನೇ, ವಿನಾಯಿತಿ ಇಲ್ಲದೆ ಒಂದೇ ಬಗೆಯ ಕೆಲಸದಲ್ಲಿ ಶಿಫ್ಟುಗಳು ಒಂದರ ಮೇಲೊಂದು ಬೀಳಬಾರದು ಅಂದಿತ್ತು. ಕಾರ್ಮಿಕರನ್ನ ಹೆಚ್ಚು ಹೊತ್ತು ದುಡಿಸಬಾರದು ಅಂತ ಬಂದ ನಿಯಮ, ಒಳ್ಳೇದೇ. ಆದ್ರೆ ಬಾಯಿಮಾತಿಗೆ ಜಾಗ ಇಲ್ಲ ಅಂದ್ಮೇಲೆ ಬರೆಯೋಕೆ ಐದು ನಿಮಿಷ, ಓದೋಕೆ ಐದು ನಿಮಿಷ ಪ್ರೊಡಕ್ಷನ್ ಟಾರ್ಗೆಟ್ಟಿನಿಂದ ಕಳೀಲೇಬೇಕು. ಕೊನೆ ನಿಮಿಷದವರೆಗೂ ಪೀಸ್ ಎಣಿಸಿ, ಆಮೇಲೆ "ಯಾಕೋ ಬರೆದಿಲ್ಲ" ಅಂತ ಸಂಬಳದಲ್ಲಿ ಹಿಡಿಯೋದು ನ್ಯಾಯ ಅಲ್ಲ.

ಪುಸ್ತಕದಲ್ಲಿ ಬರೀ "ಓಕೆ, ರನ್ನಿಂಗ್" ಅಂತಷ್ಟೇ ಇದ್ರೆ? ಅದನ್ನ ಖಾಲಿ ಹಾಳೆ ಅಂತಲೇ ತಿಳ್ಕೊಳ್ಳಿ. ಇನ್ಸರ್ಟ್ ಬಿಚ್ಚಿ ಅಂಚು ನೋಡಿ, ಚಕ್‌ನಲ್ಲಿರೋ ಪೀಸ್ ಎಷ್ಟನೇ ಆಪರೇಷನ್ನಿನಲ್ಲಿ ನಿಂತಿದೆ ಅಂತ ನೋಡಿ, ವೇರ್ `0.200`ರಿಂದ ಶುರು ಮಾಡಿ. ಅರ್ಜೆಂಟ್ ಕಾರ್ಡಿಗೆ ಇಪ್ಪತ್ತು ನಿಮಿಷ ತಡ ಆಗುತ್ತೆ. ಯಾಕೆ ತಡ ಅಂತ ಕೇಳಿದ್ರೆ ಆ ಪುಟ ತೆಗೆದು ತೋರಿಸಿ.